ಗುಳಿಗೆಯ ಸಾಲು

ತಿಂಗಳ ಕೊನೇ ಭಾನುವಾರ ಹರಿಹರದ ಆ ಬಾಡಿಗೆ ಮನೆಯಲ್ಲಿ ನೇತ್ರಾವತಿಯ ದರ್ಬಾರು. ಹಳೇ ನೋಟ್‌ಬುಕ್ಕಿನ ಹೊಸ ಹಾಳೆ ತೆಗೆದು ತಲೆಗೆ 38,500 ಅಂತ ಬರೆಯುತ್ತಾಳೆ. ಗಂಡ ಬಕ್ಕೇಶ್ ಲೇತ್ ಮಿಷನ್ ಮುಂದೆ ನಿಂತು ದುಡಿದ 24,000, ಅವಳು ದಿನಾ ಬಸ್ಸು ಹತ್ತಿ ದಾವಣಗೆರೆಯ ಜವಳಿ ಅಂಗಡಿಯಲ್ಲಿ ಬಿಲ್ ಹಾಕಿ ತಂದ 14,500. ಬಾಡಿಗೆ, ರೇಷನ್ನು, ಮಕ್ಕಳ ಫೀಸು, ಅತ್ತೆ-ಮಾವನ ಗುಳಿಗೆ, ಮುಯ್ಯಿ, ಕಷ್ಟಕಾಲದ ಗಂಟು, ಹೀಗೆ ಪ್ರತಿ ರೂಪಾಯಿಗೂ ಒಂದು ಕೆಲಸ ಹಚ್ಚಬೇಕು. ಹಚ್ಚಿ ಮುಗಿದಾಗ ಉಳಿಯುವುದು ಸೊನ್ನೆ. ಹೋದ ತಿಂಗಳು ಇಷ್ಟಿತ್ತು, ಈ ತಿಂಗಳೂ ಇರಲಿ ಅನ್ನುವಂತಿಲ್ಲ. ಪ್ರತಿ ಸಾಲೂ ಹೊಸದಾಗಿ ಎದ್ದು ನಿಂತು 'ನನಗೆ ಇಷ್ಟು ದುಡ್ಡು ಯಾಕೆ ಬೇಕು' ಅಂತ ಹೇಳಬೇಕು. ಅಂಗಡಿಯ ಲೆಕ್ಕಿಗ ಅಂಜನಕುಮಾರ ಕಲಿಸಿದ ವಿದ್ಯೆ ಅದು. ಎರಡು ವರ್ಷದಿಂದ ಆ ಮನೆ ಯಾರ ಮುಂದೆಯೂ ಕೈಚಾಚಿಲ್ಲ.

ಜನವರಿಯಲ್ಲಿ ಮಕ್ಕಳ ಶಾಲೆಯವರು 'ಸ್ಮಾರ್ಟ್ ಕ್ಲಾಸ್' ಅಂತ ಹೊಸದೊಂದು ಫೀಸು ಹಚ್ಚಿದರು. ಮಗುವಿಗೆ ಮೂರು ಸಾವಿರ, ಇಬ್ಬರಿಗೆ ಆರು, ಜೂನ್ ಒಳಗೆ ಒಂದೇ ಗಂಟು. ಗೋಡೆಗೊಂದು ಟಿ.ವಿ. ತೂಗುಹಾಕಿ ಅದಕ್ಕೆ ಜಾಣತನದ ಹೆಸರಿಡುವವರಿಗೆ ನಾಚಿಕೆ ಅನ್ನುವ ಸಾಲು ಯಾವ ಬಜೆಟ್ಟಿನಲ್ಲೂ ಇರುವುದಿಲ್ಲ. ತಿಂಗಳಿಗೆ ಸಾವಿರ ಹೊಂದಿಸಬೇಕಲ್ಲ ಅಂತ ನೇತ್ರಾವತಿ ಗೊಣಗಿದ ವಾರದಲ್ಲೇ ಮಾವ ಮಾಲತೇಶಪ್ಪ ಗುಳಿಗೆಗೆ ಕೊಟ್ಟ ದುಡ್ಡಿನಲ್ಲಿ ಸಾವಿರ ರೂಪಾಯಿ ತಿರುಗಿ ಕೊಟ್ಟರು.

"ಜನೌಷಧಿ ಅಂಗಡೀಲಿ ತಗಂಡೆನವ್ವ. ಅರ್ಧ ರೇಟು!"

ಗುಳಿಗೆಯ ಸಾಲು 3,200ರಿಂದ 2,200ಕ್ಕೆ ಇಳಿಯಿತು, ಆ ಸಾವಿರ ಫೀಸಿಗೆ ಏರಿತು. ಸೊನ್ನೆ ಬಂತು. ಫೆಬ್ರವರಿಯಲ್ಲೂ ಹಾಗೇ. ಅವಳು ಹಿಗ್ಗಿದಳು.

ಫೆಬ್ರವರಿಯ ಕೊನೇ ಭಾನುವಾರ, ಅತ್ತೆಯ ಗುಳಿಗೆಯೂ ಅಲ್ಲೇ ಅಗ್ಗಕ್ಕೆ ಸಿಗಬಹುದೇನೋ ಎಂಬ ಆಸೆಗೆ ಮಾವನ ಅಂಗಿ ಜೇಬಿನಿಂದ ಬಿಲ್ ತೆಗೆದಳು. ಅಂಗಡಿ ಹಳೆಯದೇ. ರೇಟೂ ಹಳೆಯದೇ. ದಿನಕ್ಕೊಂದರಂತೆ ಮೂವತ್ತು ಇರಬೇಕಾದ ಬಿ.ಪಿ. ಗುಳಿಗೆ ಹದಿನೈದು. ಸಕ್ಕರೆ ಕಾಯಿಲೆಯದೂ ಅರ್ಧವೇ.

"ಮಾವಾರ, ಇದೇನ್ರಿ ಇದು?"

"ದಿನ ಬಿಟ್ಟು ದಿನ ನುಂಗಿದ್ರೆ ಏನಾಕ್ಕತಿ? ನಾನೇನು ಇನ್ನ ಕುಸ್ತಿ ಆಡಾಕ ಹೋಗ್ಬೇಕಾ?"

ಅತ್ತೆ ಓಬವ್ವ ಒಳಗಿನಿಂದಲೇ ಕೂಗಿದರು: "ಕುಸ್ತಿ ಬ್ಯಾಡ, ಬೆಳಿಗ್ಗೆ ಬಚ್ಚಲಮನ್ಯಾಗ ಗ್ವಾಡಿ ಹಿಡಕಂಡು ನಿಂತಿದ್ರಲ್ಲ, ಅದನ್ನ ಹೇಳ್ರಿ ಮೊದ್ಲು!"

ನೇತ್ರಾವತಿ ಪೆನ್ನು ಕೆಳಗಿಟ್ಟಳು. ಹೆಚ್ಚು ಕೇಳಿದ ಸಾಲನ್ನೆಲ್ಲ ಅವಳು ಪೊಲೀಸರಂತೆ ವಿಚಾರಿಸಿದ್ದಳು. ಕಡಿಮೆಯಾದ ಸಾಲನ್ನು ಒಂದು ಮಾತೂ ಕೇಳಿರಲಿಲ್ಲ. ಸೊನ್ನೆ ಬಂದರೆ ಲೆಕ್ಕ ಸರಿ ಅಂದುಕೊಂಡಿದ್ದಳು. ಮುದುಕನೊಬ್ಬನ ರಕ್ತ ಸೇರಿಸಿದರೂ ಸೊನ್ನೆ ಬರುತ್ತದೆ.

ಹಾಳೆ ಖಾಲಿ ಬಿಟ್ಟು ಎದ್ದಳು. ಸೋಮವಾರ ಡಾಕ್ಟರ ಹತ್ತಿರ ಕರೆದೊಯ್ದರೆ ಬಿ.ಪಿ. ನೂರಾ ಎಂಬತ್ತು. "ಇನ್ನೊಂದು ತಿಂಗಳು ಹಿಂಗೇ ಮಾಡಿದ್ರೆ ಪಾರ್ಶ್ವವಾಯು ಹೊಡೆದ್ರೂ ಹೊಡೀತು," ಅಂದರು ಡಾಕ್ಟರು. ಎರಡು ತಿಂಗಳು ಕೂಡಿಟ್ಟ ಎರಡು ಸಾವಿರ ಡಾಕ್ಟರ ಫೀಸಿಗೆ, ರಕ್ತಪರೀಕ್ಷೆಗೆ, ಉಳಿದ ಗುಳಿಗೆಗೆ ಹೋಯಿತು. ಹೋಗಲಿ, ಅದು ಮಾವನದೇ ದುಡ್ಡು.

ಮಂಗಳವಾರ ಶಾಲೆಯ ಆಫೀಸಿನಲ್ಲಿ ಫೀಸಿಗೆ ಕಂತು ಕೇಳಿದರೆ ಕ್ಲರ್ಕ್ ಮುಖ ಎತ್ತಲಿಲ್ಲ. "ಎಲ್ರೂ ಒಂದೇ ಸಲ ಕಟ್ತಾರ್ರಿ ಮೇಡಂ."

"ಕಟ್ಟಿದೋರ ಮನ್ಯಾಗ ಹಿರೇರ ಗುಳಿಗೆ ಎಣಿಸಿ ನೋಡೀರೇನ್ರಿ?"

ಹಿಂದೆ ಸಾಲಿನಲ್ಲಿ ನಿಂತ ಇಬ್ಬರು ತಾಯಂದಿರು "ನಮಗೂ ಕಂತು ಮಾಡ್ಕೊಡ್ರಿ" ಅಂದರು. ಕ್ಲರ್ಕ್ ಒಳಗೆ ಹೋಗಿ ಬಂದ. ಜೂನ್‌ಗೆ ಅರ್ಧ, ಅಕ್ಟೋಬರಿಗೆ ಅರ್ಧ. ಅಲ್ಲಿಗೆ ಮಾರ್ಚಿನಿಂದ ತಿಂಗಳಿಗೆ 750 ಸಾಕು.

ರಾತ್ರಿ ಹಾಳೆಯ ಮುಂದೆ ನಾಲ್ವರೂ ಕೂತರು. ಮೊದಲ ಸಾಲು ಗುಳಿಗೆ, 3,200. ಮುಯ್ಯಿಗೆ ಇಡುವ ಸಾವಿರದಲ್ಲಿ ಐನೂರು, ಸಣ್ಣಪುಟ್ಟ ಖರ್ಚಿನಲ್ಲಿ ಇನ್ನೂರೈವತ್ತು ತೆಗೆದು ಫೀಸಿಗೆ ಹಾಕಿದಳು.

ಬಕ್ಕೇಶ್ ಮುಖ ಗಂಟಿಕ್ಕಿದ. "ಬಾತಿ ಊರಿನ ನೆಂಟರ ಮನಿ ಮದುವಿ ಐತೆ. ಮುಯ್ಯಿ ಕಡಿಮಿ ಮಾಡಿದ್ರೆ ನಾಕು ಜನ ಏನಂತಾರ?"

"ಆ ನಾಕು ಜನ ಬಂದು ನಿಮ್ಮಪ್ಪಗ ಗುಳಿಗೆ ನುಂಗಿಸ್ತಾರೇನ್ರಿ?"

ಬಕ್ಕೇಶ್ ಹಾಳೆಯನ್ನು ಅಪ್ಪನ ಕಡೆ ಸರಿಸಿದ. ಮಾಲತೇಶಪ್ಪ ಮಾತ್ರ ಸುಲಭಕ್ಕೆ ಸೋಲುವ ಆಸಾಮಿಯಲ್ಲ. "ಮತ್ತ ನಾನೇ ಒಂದೀಟು ಉಳಿಸಿದ್ರೆ?"

"ಉಳಿಸ್ರಿ. ಗುಳಿಗೆ ಸಾಲಿನ ದುಡ್ಡು ಮುಂದಿನ ತಿಂಗಳ ಗುಳಿಗೆಗೇ ಹೊಕ್ಕತಿ, ಫೀಸಿಗೆ ಒಂದು ಪೈಸೆ ಹೋಗಂಗಿಲ್ಲ. ಬಿಲ್ಲು, ನುಂಗಿದ ಗುಳಿಗೆಯ ಖಾಲಿ ಪಟ್ಟಿ ಎರಡೂ ನಂಗೆ ತೋರಿಸ್ಬೇಕು."

"ಅಂದ್ರ ಉಳಿಸಿದ್ರೂ ಮಕ್ಕಳಿಗೆ ದಕ್ಕಂಗಿಲ್ಲ?"

"ದಕ್ಕಂಗಿಲ್ರಿ. ನೀವು ದಕ್ಕಿದ್ರೆ ಸಾಕು."

ಮುದುಕ ಹಾಳೆಯನ್ನು ದೀಪದ ಹತ್ತಿರ ಹಿಡಿದು ಮೇಲಿನಿಂದ ಕೆಳಗಿನವರೆಗೆ ಓದಿದರು. ಉಳಿಸಿ ಉಪಯೋಗವಿಲ್ಲ ಅನ್ನುವುದು ಖಾತ್ರಿಯಾದ ಮೇಲೆ ಗುಳಿಗೆ ಅಂಗೈಗೆ ಹಾಕಿಕೊಂಡು ಓಬವ್ವನ ಕಡೆ ತಿರುಗಿ, "ನೀರು ತಗಂಬಾರೇ," ಅಂದರು.