ಹೆಸರು ತೆಗೆದರೆ ಸಾಲದು

ಸಾಫ್ಟ್‌ವೇರ್ ಬರೆಯುವವರ ಸಮ್ಮೇಳನವೊಂದರಲ್ಲಿ ಮೊದಲ ಭಾಷಣ ಮಾಡಬೇಕೆಂದು ಕರೆ ಬಂದಾಗಲೇ ನಾನು ಆಗುವುದಿಲ್ಲ ಎನ್ನಬೇಕಿತ್ತು. ವಿಷಯವೇನೋ ನನ್ನದೇ: ಜನರ ಖಾಸಗಿ ಮಾಹಿತಿಯನ್ನು ಕಾಪಾಡುವುದು. ಕಂಪನಿಗಳಿಂದ ಮಾಹಿತಿ ಸೋರಿಹೋದಾಗ ಅದು ಎಲ್ಲಿ, ಹೇಗೆ ಸೋರಿತೆಂದು ಹುಡುಕಿ ಹೇಳುವುದರಲ್ಲೇ ನನ್ನ ಕೂದಲು ನೆರೆತಿದೆ. ಸಭಾಂಗಣ ಬಸವನಗುಡಿಯಲ್ಲಿ. ಚಾಮರಾಜಪೇಟೆಯ ನಮ್ಮ ಮನೆಯಿಂದ ಆಟೋದವರು ಮುಖ ತಿರುಗಿಸಿಕೊಂಡು ಹೋಗುವಷ್ಟು ಹತ್ತಿರ. ದೂರವೆಂಬ ನೆಪವೂ ಸಿಗದೆ ಒಪ್ಪಿಕೊಂಡೆ.

ಅಂದಿನಿಂದ ಸಂಘಟಕನ ಕಾಟ ಶುರುವಾಯಿತು. ಒಳ್ಳೆಯ ಮನುಷ್ಯ, ಆದರೆ ಅವನ ಪ್ರಕಾರ ಜಗತ್ತಿನಲ್ಲಿರುವುದು ಎರಡೇ ಬಗೆಯ ಭಾಷಣ: ನಿದ್ದೆ ಬರಿಸುವುದು, ವೈರಲ್ ಆಗುವುದು. ಕಾನೂನಿನ ಮಾತು ಬೇಡವಂತೆ. ನಿಯಮಗಳನ್ನು ಹೇಳಿದರೆ ಜನ ಫೋನು ತೆಗೆಯುತ್ತಾರಂತೆ. ನಿಜವಾಗಿ ನಡೆದ ಒಂದೇ ಒಂದು ಕಥೆ ಸಾಕು, ಕೇಳುವವರ ಕಣ್ಣಿಗೆ ಕಟ್ಟಬೇಕು ಎಂದ. ಅಲ್ಲಿಯವರೆಗೆ ನನಗೂ ತಕರಾರಿರಲಿಲ್ಲ. ಆಮೇಲೆ ಮೆಲ್ಲಗೆ ಸೇರಿಸಿದ: "ಸ್ವಲ್ಪ ಮಸಾಲೆ ಇರ್ಲಿ ಮೇಡಂ. ಕೊನೇಲಿ ಯಾರು ಮಾಡಿದ್ದು ಅಂತ ಗೊತ್ತಾಗ್ಬೇಕು."

ಯಾರೂ ಮಾಡಿದ್ದಲ್ಲ ಎಂದೆ. ಅವನಿಗೆ ನಿರಾಸೆಯಾಯಿತು. ಕಥೆ ಇದ್ದಮೇಲೆ ಒಬ್ಬ ಕಳ್ಳ ಇರಲೇಬೇಕಲ್ಲವೇ?

ನನ್ನ ಬಳಿಯಿದ್ದ ಕಥೆಯಲ್ಲಿ ಕಳ್ಳನಿರಲಿಲ್ಲ, ಅದೇ ಅದರ ತೊಂದರೆ. ಸಣ್ಣ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಪುಟ್ಟ ಕಂಪನಿ ಅದು. ನಾಳೆ ಡಾಕ್ಟರ ಹತ್ತಿರ ಬರಬೇಕೆಂದು ರೋಗಿಗಳಿಗೆ ನೆನಪಿಸುವ ಮೆಸೇಜಿನಲ್ಲಿ ಏನೋ ತೊಡಕು. ಕೆಲವರಿಗೆ ಹೋಗುತ್ತಲೇ ಇರಲಿಲ್ಲ. ತಾವೇ ಸೃಷ್ಟಿಸಿದ ಸುಳ್ಳು ನಂಬರುಗಳಲ್ಲಿ ಆ ತೊಡಕು ಕಾಣಿಸಲಿಲ್ಲ. ಅದಕ್ಕೆ ನಿಜವಾದ ದತ್ತಾಂಶದ ಒಂದು ಪ್ರತಿಯನ್ನು ಪರೀಕ್ಷೆಯ ಸರ್ವರಿಗೆ ತಂದರು. ಕಾಯಿಲೆ, ಔಷಧಿಯ ವಿವರಗಳನ್ನೆಲ್ಲ ಮೊದಲೇ ಅಳಿಸಿದರು. ಮೆಸೇಜಿಗೆ ಬೇಕಾದ ಹೆಸರು, ಫೋನು, ವಿಭಾಗ ಇಷ್ಟನ್ನು ಮಾತ್ರ ಉಳಿಸಿಕೊಂಡರು. ಕಳಿಸಲು ಏನಾದರೂ ಇರಲಿ ಎಂದು ಹಳೆಯ ಭೇಟಿಗಳ ದಿನಾಂಕವನ್ನೆಲ್ಲ ಮರುದಿನಕ್ಕೆ ಬದಲಿಸಿದರು. ಮೆಸೇಜು ಹೊರಗೆ ಹೋಗದಂತೆ ಪರೀಕ್ಷೆಯ ಸರ್ವರಿನಲ್ಲಿ ಒಂದು ಸೆಟ್ಟಿಂಗ್ ಇತ್ತು. ಆ ವಾರ ಬೇರೊಂದು ಕಾರಣಕ್ಕೆ ಸರ್ವರನ್ನು ಹೊಸದಾಗಿ ಕಟ್ಟಿದಾಗ ಆ ಸೆಟ್ಟಿಂಗ್ ಅದರೊಳಗೆ ಬರಲಿಲ್ಲ. ಕಳಿಸಬೇಕೋ ಬೇಡವೋ ಎಂದು ಸೆಟ್ಟಿಂಗ್ ಹೇಳದಿದ್ದರೆ ಏನು ಮಾಡಬೇಕೆಂದು ಪ್ರೋಗ್ರಾಮಿನಲ್ಲಿ ಮೊದಲೇ ಬರೆದಿತ್ತು: ಕಳಿಸಬೇಕು. ಬೆಳಗ್ಗೆ ತನ್ನ ಹೊತ್ತಿಗೆ ಎದ್ದು ಅದು ಕಳಿಸಿತು.

ಇಷ್ಟೇ ಆಗಿದ್ದರೆ ಕೆಲವು ರೋಗಿಗಳು ಗೊಂದಲಗೊಂಡು ಸುಮ್ಮನಾಗುತ್ತಿದ್ದರು. ಆದರೆ ಪರೀಕ್ಷಿಸುತ್ತಿದ್ದ ಹೊಸ ಪ್ರೋಗ್ರಾಮಿನಲ್ಲಿ ಇನ್ನೊಂದು ಉಪಕಾರವಿತ್ತು. ಮೊದಲ ನಂಬರು ಸರಿಯಿಲ್ಲವೆಂದು ಕಂಡರೆ ಎರಡನೆಯ ನಂಬರಿಗೆ ಕಳಿಸುವುದು. ಹಳೆಯ ರೂಢಿಯಂತೆ ಮೊದಲಲ್ಲಿ ಸೊನ್ನೆ ಸೇರಿಸಿ ಬರೆಸಿದ್ದ ನಂಬರುಗಳೆಲ್ಲ ಅದರ ಕಣ್ಣಿಗೆ ತಪ್ಪಾಗಿ ಕಂಡವು. ಸಾಲದ್ದಕ್ಕೆ ಮೆಸೇಜಿನಲ್ಲಿ ವಿಭಾಗದ ಹೆಸರೂ ಇರುತ್ತಿತ್ತು. ವಯಸ್ಸಾದವರು ಬೇರೆ ಡಾಕ್ಟರ ಬಾಗಿಲಲ್ಲಿ ಕೂತು ಕಾಯುತ್ತಾರೆಂದು ಆಸ್ಪತ್ರೆಯೇ ಕೇಳಿ ಹಾಕಿಸಿಕೊಂಡದ್ದು. ತನಿಖೆಗೆಂದು ಹೋದ ನಾನು ಕಂಪನಿಯ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕೇಳಿದೆ. ಪ್ರತಿಯೊಬ್ಬರೂ ಮಾಡಿದ್ದು ಯಾರಿಗಾದರೂ ಒಳ್ಳೆಯದಾಗಲೆಂದೇ. ಬೈಯಲು ಒಬ್ಬರೂ ಸಿಗದ ಆ ತನಿಖೆಯಲ್ಲಿ ನನಗೆ ಬಂದಷ್ಟು ಸಿಟ್ಟು ಬೇರೆಲ್ಲೂ ಬಂದಿಲ್ಲ.

ಹಾಗೆ ಹೋದ ಮೆಸೇಜುಗಳಲ್ಲಿ ಒಂದು, ಒಬ್ಬ ಹೆಂಗಸಿನ ಓರಗಿತ್ತಿಯ ಫೋನಿಗೆ ಬಂತು. ಇಂಥ ಹೆಸರಿನವರು ನಾಳೆ ಮನೋರೋಗ ವಿಭಾಗಕ್ಕೆ ಬರತಕ್ಕದ್ದು. ಹಬ್ಬದ ದಿನ, ಎಲೆ ಹಾಕಿ ಎಲ್ಲರೂ ಕೂತಿದ್ದಾಗ ಓರಗಿತ್ತಿ ಅದನ್ನು ಗಟ್ಟಿಯಾಗಿ ಓದಿದರು. ಕೆಟ್ಟ ಉದ್ದೇಶದಿಂದಲ್ಲ, ಯಾರೋ ಮೋಸಗಾರರು ಕಳಿಸಿದ್ದಿರಬೇಕೆಂದು. ಆ ಹೆಂಗಸಿನ ಮುಖ ನೋಡಿದ ಮೇಲೆ ಮೋಸವಲ್ಲವೆಂದು ಎಲ್ಲರಿಗೂ ತಿಳಿಯಿತು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಹಬ್ಬ, ನೆಂಟಸ್ತಿಕೆ, ಕಾಯಿಲೆ, ಇವನ್ನೆಲ್ಲ ನಾನು ಬದಲಿಸಿ ಬರೆದಿದ್ದೇನೆ. ಊಹಿಸಲು ಕೂರಬೇಡಿ.

ಕೆಲವು ತಿಂಗಳ ಮೇಲೆ ಆಸ್ಪತ್ರೆಯವರು ತಪ್ಪು ಒಪ್ಪಿಕೊಂಡು ಎಲ್ಲ ರೋಗಿಗಳಿಗೂ ತಿಳಿಸಿದಾಗ, ತನಿಖೆ ಮಾಡುತ್ತಿರುವವರೊಡನೆ ಮಾತಾಡಬೇಕೆಂದು ಕೇಳಿದ್ದು ಆಕೆಯೊಬ್ಬರೇ. ವೈಯಾಲಿಕಾವಲಿನ ಒಂದು ಹೋಟೆಲಿಗೆ ಬರಹೇಳಿದರು. ಅಲ್ಲಿ ಅವರ ಕಡೆಯವರು ಯಾರೂ ಇಲ್ಲವಂತೆ. ಎರಡನೆಯ ನಂಬರು ಯಾಕೆ ಕೊಟ್ಟಿರಿ ಎಂದು ಕೇಳಿದೆ. ಅದನ್ನು ತುಂಬದೆ ಆಸ್ಪತ್ರೆಯ ಆಪ್ ಮುಂದಕ್ಕೇ ಹೋಗಲಿಲ್ಲ, ಬಾಯಿಗೆ ಬಂದ ನಂಬರು ಅದೊಂದೇ ಎಂದರು. ಮನೆಯಲ್ಲಿ ಯಾರೂ ಬೈಯಲಿಲ್ಲವಂತೆ. ಎಲ್ಲರೂ ಮೆತ್ತಗೆ ಮಾತಾಡತೊಡಗಿದರಂತೆ. ಮಕ್ಕಳನ್ನು ಇವರ ಜೊತೆ ಒಂಟಿಯಾಗಿ ಬಿಡುವುದು ನಿಂತಿತು. ಅಡುಗೆಮನೆಗೆ ಹೋದರೆ ಹಿಂದೆಯೇ ಒಬ್ಬರು ಬಂದು ನಿಲ್ಲುತ್ತಿದ್ದರು. ಅದನ್ನು ತಾಳಲಾರದೆ ಆಕೆ ಡಾಕ್ಟರ ಬಳಿ ಹೋಗುವುದನ್ನೇ ಬಿಟ್ಟರು. ಗುಣವಾಗಿದೆಯೆಂದು ಮನೆಯವರಿಗೆ ಹೇಳಿಬಿಟ್ಟರು. ಗುಣವಾಗಿರಲಿಲ್ಲ. ಮನೆಯವರು ಮರೆತಂತಾದ ಮೇಲೆ, ಯಾರಿಗೂ ತಿಳಿಯದಂತೆ ಬೇರೆ ಕಡೆ ಮತ್ತೆ ಆಗಷ್ಟೇ ಶುರು ಮಾಡಿದ್ದರು.

ಭಾಷಣಕ್ಕೆ ಕರೆ ಬಂದ ಮೇಲೆ ಅದೇ ಹೋಟೆಲಿನಲ್ಲಿ ಮತ್ತೆ ಕಂಡು ಅವರ ಅನುಮತಿ ಕೇಳಿದೆ. ಕಾಫಿ ಲೋಟ ಪಕ್ಕಕ್ಕೆ ಸರಿಸಿದರು. "ಹೇಳಿ. ಇನ್ನೊಬ್ರಿಗೆ ಹಿಂಗಾಗ್ಬಾರ್ದು. ಆದ್ರೆ ಅದು ನಾನು ಅಂತ ಗೊತ್ತಾದ್ರೆ ನಾನು ಮತ್ತೆ ಡಾಕ್ಟರ್ ಹತ್ರ ಹೋಗಲ್ಲ, ನೋಡಿ."

ಹೆಸರು ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಹೆಸರಿಲ್ಲದ ಮೇಲೆ ಇನ್ನೇನು ಎಂದುಕೊಂಡು ಉತ್ಸಾಹದಿಂದ ಭಾಷಣ ಬರೆದೆ. ಆಕೆಯ ಕೆಲಸ, ವಯಸ್ಸಿನ ಅಂದಾಜು, ಮನೆಯಿರುವ ಬಡಾವಣೆ, ಹಬ್ಬ, ಕೂಡು ಕುಟುಂಬ. ಸಂಘಟಕ ಕೇಳಿದಂತೆ ಕಣ್ಣಿಗೆ ಕಟ್ಟುವ ಹಾಗಿತ್ತು.

ಒಮ್ಮೆ ಓದಿ ನೋಡೋಣವೆಂದು ಅಮ್ಮನನ್ನು ಕೂರಿಸಿಕೊಂಡೆ. ಅಮ್ಮ ಬ್ಯಾಂಕಿನಿಂದ ನಿವೃತ್ತರಾದವರು. ಗಾಂಧಿಬಜಾರಿಗೆ ಹೂವು ತರಲು ಹೋದರೆ ಮೂರು ಮನೆಯ ಸಮಾಚಾರ ಜೊತೆಗೆ ತರುತ್ತಾರೆ. ನಾನು ಎರಡು ಪುಟ ಓದುವಷ್ಟರಲ್ಲಿ ಕೈ ಅಡ್ಡ ಹಿಡಿದು ಒಬ್ಬರ ಹೆಸರು ಹೇಳಿದರು. ತಪ್ಪು ಹೆಸರು. ಯಾರೋ ಪಾಪದವರು, ಇದರ ಗಾಳಿಯೂ ಸೋಕದವರು. ಅಲ್ಲವೇ ಅಲ್ಲ ಎಂದೆ. ಅಲ್ಲ ಎಂದದ್ದೇ ತಪ್ಪಾಯಿತು. ಅಮ್ಮ ಅವರನ್ನು ಬಿಟ್ಟು, ನನ್ನ ವಿವರಗಳನ್ನು ಬೆರಳಲ್ಲಿ ಒಂದೊಂದಾಗಿ ಮಡಚುತ್ತಾ ಹೋದರು. ಆ ಕೆಲಸದಲ್ಲಿರುವವರು ಆ ಬಡಾವಣೆಯಲ್ಲಿ ಎಷ್ಟು ಜನ? ಅದರಲ್ಲಿ ಕೂಡು ಕುಟುಂಬ ಯಾರದು?

"ಹಂಗಾದ್ರೆ ಮೂಲೆ ಮನೆಯವಳೇ ಕಣೇ. ಪಾಪ, ಅವಳಿಗಾ?"

ಮೂಲೆ ಮನೆಯವರೇ. ನಾನು ಕಾಗದ ಮಡಚಿಟ್ಟೆ. ಅಮ್ಮನ ಮೇಲೆ ರೇಗಿದೆ, ಅವರದೇನು ತಪ್ಪು? ಇದು ನನಗೆ ಗೊತ್ತಿಲ್ಲದ್ದೂ ಅಲ್ಲ. ಹೆಸರು ಅಳಿಸಿದರೂ ಕೆಲಸ, ವಯಸ್ಸು, ಬಡಾವಣೆ ಸೇರಿದರೆ ಮನುಷ್ಯ ಸಿಕ್ಕಿಬಿಡುತ್ತಾನೆ ಎಂದು ನಾನು ಕಂಪನಿ ಕಂಪನಿ ತಿರುಗಿ ಪಾಠ ಹೇಳುತ್ತೇನೆ. ಅದಕ್ಕೆ ಸಂಬಳ ಬೇರೆ ತೆಗೆದುಕೊಳ್ಳುತ್ತೇನೆ. ಈ ಹಳೆಯ ಬಡಾವಣೆಗಳಲ್ಲಿ ಅದಕ್ಕೆ ಕಂಪ್ಯೂಟರೂ ಬೇಡ, ನಮ್ಮಮ್ಮ ಸಾಕು. ಬಾಯಿ ಬಿಡಬೇಡ ಎಂದು ಅಮ್ಮನಿಂದ ಆಣೆ ಹಾಕಿಸಿಕೊಂಡೆ. ಅವರು ಅದನ್ನು ಉಳಿಸಿಕೊಂಡರು, ಸುಲಭವಾಗಿರಲಿಲ್ಲ ಎಂದು ನನಗೆ ಗೊತ್ತು.

ಭಾಷಣವನ್ನು ಮತ್ತೆ ಬರೆದೆ. ಈ ಸಲ ಹೆಂಗಸಿನ ಕಡೆಯ ವಿವರಗಳನ್ನೆಲ್ಲ ಹೊರಗೆ ಹಾಕಿ ಯಂತ್ರದ ಕಡೆಯವನ್ನೆಲ್ಲ ಒಳಗೆ ಹಾಕಿದೆ. ಕೆಲಸ ಹೋಯಿತು, ಬಡಾವಣೆ ಹೋಯಿತು, ಹಬ್ಬ, ಓರಗಿತ್ತಿ, ವಿಭಾಗ ಎಲ್ಲ ಹೋದವು. ಗಂಡಸೋ ಹೆಂಗಸೋ ಅದೂ ಬೇಡವೆಂದು ನೋಡಿದೆ, ವಾಕ್ಯಗಳು ಕುಂಟಿದವು. ಹೆಂಗಸು ಉಳಿದರು. ಸಂಘಟಕ ಓದಿ, ಸಪ್ಪೆಯಾಯಿತು ಎಂದ. ಆ ಮೆಸೇಜಿನ ಫೋಟೋ ಇದ್ದರೆ ದೊಡ್ಡ ಪರದೆಯಲ್ಲಿ ತೋರಿಸಬಹುದಲ್ಲ, ಹೆಸರಿನ ಮೇಲೆ ಕಪ್ಪು ಬಳಿದರಾಯಿತು ಎಂದ. ಖಾಸಗಿ ಮಾಹಿತಿ ಕಾಪಾಡುವ ಬಗ್ಗೆ ಭಾಷಣ ಇದು, ನೆನಪಿರಲಿ. ಫೋಟೋ ಗೀಟೋ ಯಾವುದೂ ಇಲ್ಲ ಎಂದು ಫೋನು ಇಟ್ಟೆ.

ಭಾಷಣದ ದಿನ ನಮಸ್ಕಾರ, ವಂದನೆ ಯಾವುದೂ ಇಲ್ಲದೆ ನೇರವಾಗಿ ಶುರು ಮಾಡಿದೆ. "ಯಾರೂ ತಪ್ಪು ಮಾಡದ ಒಂದು ಬೆಳಗ್ಗೆ, ಒಬ್ಬ ಹೆಂಗಸಿನ ಗುಟ್ಟು ಅವರು ಬಾಯಿ ಬಿಡದೆಯೇ ಅವರ ಮನೆಯವರಿಗೆ ಬಂದು ತಲುಪಿತು. ಅವರು ಡಾಕ್ಟರ ಬಳಿ ಹೋಗುವುದನ್ನು ಬಿಟ್ಟರು. ಅವರ ಬಗ್ಗೆ ನಾನು ಹೇಳುವುದು ಇಷ್ಟೇ. ಉಳಿದದ್ದೆಲ್ಲ ನಮ್ಮ ಬಗ್ಗೆ." ಆಮೇಲೆ ಆ ದತ್ತಾಂಶದ ಪ್ರತಿ, ಕಾಣೆಯಾದ ಸೆಟ್ಟಿಂಗ್, ಸೊನ್ನೆ ಸೇರಿದ ನಂಬರು, ತುಂಬಲೇಬೇಕಾದ ಎರಡನೆಯ ನಂಬರು ಎಲ್ಲವನ್ನೂ ಒಂದರ ಹಿಂದೊಂದು ಬಿಡಿಸಿ ಹೇಳಿದೆ. ಪ್ರತಿ ಹೆಜ್ಜೆಯಲ್ಲೂ ಅದನ್ನು ಮಾಡಿದವರ ಕಾರಣ ಹೇಳಿದೆ. ಸಭೆ ಕೊನೆಯವರೆಗೂ ಕೇಳಿತು, ಸಪ್ಪೆಯಾಯಿತು ಎಂದು ಯಾರಿಗೂ ಅನ್ನಿಸಿದಂತೆ ಕಾಣಲಿಲ್ಲ. ಪ್ರಶ್ನೆಗಳ ಸರದಿ ಬಂದಾಗ ಮೊದಲು ಎದ್ದವನು ಕೇಳಿದ್ದು ಅದು ಯಾವ ಆಸ್ಪತ್ರೆ ಎಂದು. ಮೈಕನ್ನು ಮುಂದಿನವರಿಗೆ ಕೊಡಿಸಿದೆ. ಕಾಫಿಯ ಹೊತ್ತಿನಲ್ಲಿ ಮಾತ್ರ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಹಲವರು ಬೇರೆ ಬೇರೆಯಾಗಿ ನನ್ನನ್ನು ಪಕ್ಕಕ್ಕೆ ಕರೆದು, ನಮ್ಮ ಕಂಪನಿಯದೇ ಅಲ್ಲವೇ ನೀವು ಹೇಳಿದ್ದು ಎಂದು ತಗ್ಗಿದ ದನಿಯಲ್ಲಿ ಕೇಳಿದರು.

ಭಾಷಣದ ವೀಡಿಯೋ ಊರೆಲ್ಲ ಹರಡಿತು. ಸಂಘಟಕನಿಗೆ ಹಿಗ್ಗೋ ಹಿಗ್ಗು. ನನಗೆ ಮಾತ್ರ ಒಂದೇ ಚಿಂತೆ. ನಮ್ಮ ಕಡೆಯ ಫ್ಯಾಮಿಲಿ ಗ್ರೂಪುಗಳಲ್ಲೇ ಬಂತು ಎಂದ ಮೇಲೆ ಅವರ ಕಡೆಗೆ ಬರದಿರುತ್ತದೆಯೇ? ಆಕೆಗೆ ಫೋನು ಮಾಡಲು ಧೈರ್ಯ ಸಾಲಲಿಲ್ಲ. ಕೊನೆಗೆ ಅವರೇ ಮಾಡಿದರು. ಬಸ್ಸಿನ ಸದ್ದಿನ ನಡುವೆ ಮಾತಾಡುತ್ತಿದ್ದರು.

ಓರಗಿತ್ತಿಯ ಫೋನಿಗೇ ಬಂದಿತ್ತಂತೆ. ಸೊಪ್ಪು ಬಿಡಿಸುತ್ತಾ ಇಬ್ಬರೂ ಒಟ್ಟಿಗೆ ಕೂತು ಪೂರ್ತಿ ನೋಡಿದರಂತೆ.

"ಏನಂದ್ರು?" ಎಂದೆ.

"ಯಾರೋ ಪಾಪ, ಡಾಕ್ಟರ್ ಹತ್ರ ಹೋಗೋದು ಬಿಡಬಾರ್ದಿತ್ತು ಅಂದ್ರು. ಮನೇವ್ರಾದ್ರೂ ಹೋಗು ಅಂತ ಹೇಳ್ಬೇಕಿತ್ತು ಅಂದ್ರು." ಕಂಡಕ್ಟರಿಂದ ಟಿಕೆಟ್ಟು ತೆಗೆದುಕೊಂಡು ಮುಂದುವರಿಸಿದರು. "ನಂಗೆ ಗುಣವಾಗಿದೆ ಅಂತಾನೇ ಅವ್ರು ನಂಬಿರೋದು, ನಾನೂ ಹೌದು ಅಕ್ಕ ಅಂದೆ. ಈಗ ಡಾಕ್ಟರ್ ಹತ್ರಾನೇ ಹೋಗ್ತಿದೀನಿ. ಲೈಬ್ರರಿಗೆ ಅಂತ ಹೇಳಿ ಬಂದೆ."