ಭಾವ ಫೋನಿನ ತೇವ ನೋಡಿದ್ದು

ಮನುಷ್ಯನ ತಲೆ ಸೃಷ್ಟಿಯಲ್ಲೇ ಅಮೂಲ್ಯವಾದದ್ದು. ಅದರ ರಕ್ಷಣೆ ಪ್ರತಿಯೊಬ್ಬನ ಧರ್ಮ. ನಮ್ಮ ಭಾವನ ಎದುರು ಮಾತ್ರ ಈ ಮಾತನ್ನು ಅಷ್ಟು ಗಟ್ಟಿಯಾಗಿ ಹೇಳಲು ಧೈರ್ಯ ಸಾಲುವುದಿಲ್ಲ.

ತೀರ್ಥಹಳ್ಳಿಯಲ್ಲಿ ಹಾಸಿಗೆ ಹಿಡಿದಿದ್ದ ದೊಡ್ಡಕ್ಕನ ದನಿ ಹಳೇ ಫೋನಿನಲ್ಲಿ ಚಿಕ್ಕಕ್ಕನಿಗೆ ಕೇಳಿಸುತ್ತಿರಲಿಲ್ಲ. ಹಾಗಾಗಿ ಹೊಸ ಫೋನು ಕೊಳ್ಳಲು ಹೊಸನಗರದಿಂದ ಚಿಕ್ಕಕ್ಕ, ಭಾವ ನಾನಿರುವ ಸಾಗರಕ್ಕೆ ಬಂದರು. ಅಂಗಡಿಗೆ ಕರೆದೊಯ್ದವನು ನಾನು. ಅಲ್ಲಿಂದಲೇ ದೊಡ್ಡಕ್ಕನಿಗೆ ಕರೆ ಮಾಡಿ ನೋಡಿದರೆ ಚಿಕ್ಕಕ್ಕನಿಗೆ ದನಿ ಕೇಳಿಸಿದ್ದು ಒಂದೇ ಫೋನಿನಲ್ಲಿ, ಸ್ಪೀಕರ್ ಜೋರಾಗಿದ್ದದ್ದರಲ್ಲಿ.

ಭಾವ ಅಡಿಕೆ ಖರೀದಿಯಲ್ಲಿ ಹೆಸರು ಮಾಡಿದವರು. ಮೇಲಿನ ಅಡಿಕೆಗೆ ಮರುಳಾಗದೆ ಚೀಲದ ತಳಕ್ಕೆ ಕೈ ಹಾಕಿ ತೇವ ನೋಡುವವರು. ಫೋನಿನ ವಿಕಿರಣದ ಬಗ್ಗೆ ಎಲ್ಲೋ ಓದಿದ್ದರಿಂದ ಅಂಗಡಿಯವನಿಂದ ಸ್ಟಾರ್, ಹ್ಯಾಶ್, ಸೊನ್ನೆ ಏಳು, ಹ್ಯಾಶ್ ಒತ್ತಿಸಿದರು. ಜೋರು ಸ್ಪೀಕರಿನ ಫೋನಿನ ಪರದೆಯಲ್ಲಿ ತಲೆಗೆ ತಗಲುವ ವಿಕಿರಣದ ಲೆಕ್ಕ, ಎಸ್‌ಎಆರ್ ಮೌಲ್ಯ ಬಂತು: 1.18. ಪಕ್ಕದ ಫೋನಿನಲ್ಲಿ 0.62.

“ಇದರಲ್ಲಿ ಅರ್ಧ ವಿಷ ಕಡಿಮೆ ಇದ್ದು. ಇದೇ ಸೈ,” ಎಂದರು ಭಾವ, ತೇವ ಕಡಿಮೆಯಾದ ಅಡಿಕೆ ಸಿಕ್ಕಿದ ಸಂತೋಷದಲ್ಲಿ.

“ಅದ್ರಲ್ಲಿ ಅಕ್ಕನ ದನಿ ಕೇಳ್ತಿಲ್ಲೆ!” ಎಂದಳು ಚಿಕ್ಕಕ್ಕ.

“ದನಿ ಕೇಳದಿದ್ರೂ ತಲೆ ಉಳೀತು.”

ಅಂಗಡಿಯವನು, “ರಾಯ್ರೇ, ಎರಡೂ ಮಿತಿಯ 1.6ರ ಒಳಗೇ ಇವೆ,” ಎಂದ. ಭಾವ ತಕ್ಷಣ, “ಹಂಗಾರೆ 1.18ನ್ನ ಒಂದಕ್ಕೆ ಇಳ್ಸಿ ಕೊಡು ಮಾರಾಯ,” ಎಂದು ಚೌಕಾಶಿಗೆ ನಿಂತರು.

ಇಷ್ಟಾದ ಮೇಲೆ ನಾನು ಬಾಯಿ ಬಿಡಬೇಕಾಯಿತು. ದೇಹದ ಅಂಗಾಂಶ ಕಿಲೋಗ್ರಾಂಗೆ ಎಷ್ಟು ವ್ಯಾಟ್ ರೇಡಿಯೋ ಶಕ್ತಿ ಹೀರುತ್ತದೆ ಎಂಬುದೇ ಈ ಸಂಖ್ಯೆ. ಫೋನು ತನ್ನ ಪೂರ್ತಿ ಶಕ್ತಿಯಿಂದ ಟವರನ್ನು ಕೂಗುವಂತೆ ಮಾಡಿ, ದ್ರವ ತುಂಬಿದ ತಲೆಬೊಂಬೆಯ ಪಕ್ಕ ಇಟ್ಟು ಅಳೆಯುತ್ತಾರೆ. ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಸಿಕ್ಕ ಅತಿ ಹೆಚ್ಚಿನದನ್ನು ಬರೆಯುತ್ತಾರೆ. ನಮ್ಮ ದೇಶದ ಮಿತಿ 1.6. ಮಿತಿಯೊಳಗಿದ್ದರೆ ಪಾಸು. ಪಾಸಾದವರಲ್ಲಿ ಇದರಿಂದ ರ‍್ಯಾಂಕ್ ಹಾಕುವಂತಿಲ್ಲ, ಏಕೆಂದರೆ ದಿನನಿತ್ಯ ಫೋನು ಅಷ್ಟು ಕೂಗುವುದೇ ಅಪರೂಪ. ಟವರ್ ಚೆನ್ನಾಗಿ ಸಿಕ್ಕರೆ ಪಿಸುಗುಟ್ಟುತ್ತದೆ, ಸಿಗದಿದ್ದರೆ ಅರಚುತ್ತದೆ.

“ಮಾತಾಡೋದು ಎಲ್ಲಿ ಕೂತು?” ಎಂದೆ.

“ಮನೆ ಮೆಟ್ಟಿಲ ಮೇಲೆ. ಅಲ್ಲಿ ಮಾತ್ರ ಸಿಗ್ನಲ್ ಒಂದು ಕಡ್ಡಿ ಸಿಗ್ತು,” ಎಂದಳು ಅಕ್ಕ.

“ಭಾವ, ಆ ಒಂದು ಕಡ್ಡಿಯಲ್ಲಿ ಯಾವ ಫೋನಾದರೂ ಅರಚೋದೇ. ದನಿ ಕೇಳದ ಫೋನನ್ನ ಅಕ್ಕ ಕಿವಿಗೆ ಒತ್ತಿ ಹಿಡೀತಾಳೆ. ಕೇಳೋದನ್ನ ಒಂದು ಮೊಳ ದೂರ ಇಟ್ಟು ಮಾತಾಡ್ತಾಳೆ. ಈಗ ನಿಮ್ಮ ಅರ್ಧ ವಿಷ ಎಲ್ಲಿ ಹೋಯ್ತು?”

ಭಾವ ಎರಡೂ ಫೋನುಗಳನ್ನು ಕೈಯಲ್ಲಿ ತೂಗಿದರು. ತೂಕದಲ್ಲೂ ಏನೂ ಸಿಗಲಿಲ್ಲ. “ಬೊಂಬೆ ತಲೆಗೆ ಇಟ್ಟ ಲೆಕ್ಕ ನಂಗೆ ತೋರಿಸ್ದ್ಯಲ್ಲ!” ಎಂದು ಅಂಗಡಿಯವನನ್ನೇ ಗದರಿದರು. ತೋರಿಸೆಂದು ಹಟ ಹಿಡಿದವರು ತಾವೇ ಎಂಬುದು ಆಗ ಅವರಿಗೆ ನೆನಪಿರಲಿಲ್ಲ.

ಅಕ್ಕ ಜೋರು ಸ್ಪೀಕರಿನ ಫೋನನ್ನೇ ಕೊಂಡಳು. ಅದನ್ನು ಮೆಟ್ಟಿಲ ಮೇಲೆ ಇಟ್ಟು, ಪಕ್ಕದಲ್ಲಿ ಕುಳಿತು ದಿನಾ ದೊಡ್ಡಕ್ಕನ ಜೊತೆ ಮಾತಾಡುತ್ತಾಳೆ.