ಮೂರು ಗುರುತು

ಮೊಬೈಲಿನಲ್ಲಿ ಫೋಟೋ ಕಳಿಸಿ "ಇದು ಒರಿಜಿನಲ್ಲಾ?" ಎಂದು ಕೇಳುವವರನ್ನು ಕಂಡರೆ ಮೂರ್ತಪ್ಪನಿಗೆ ಇವತ್ತಿಗೂ ಮೈಯೆಲ್ಲಾ ಉರಿ. ಅದರಲ್ಲೂ ಸುದೀಪನ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಭದ್ರಾವತಿಯ ಜನ್ನಾಪುರದಿಂದ ಶಿವಮೊಗ್ಗದ ಕೋಟೆಗೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ಅವತ್ತು ಅವನು ವಾಚನ್ನೇ ಕೈಯಲ್ಲಿ ಹಿಡಿದು ಬಂದಿದ್ದರೆ ಇಷ್ಟೆಲ್ಲಾ ಆಗುತ್ತಿರಲಿಲ್ಲ.

ಮೂರ್ತಪ್ಪ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸೋದರಮಾವನ ಪಕ್ಕ ಕೂತು ವಾಚ್ ರಿಪೇರಿ ಕಲಿತವನು. "ಹಿಂದಿನ ಮುಚ್ಚಳ ಬಿಚ್ಚದೆ ಯಾವ ವಾಚಿನ ಜಾತಿಯನ್ನೂ ಹೇಳಬೇಡ" ಎಂದು ಮಾವ ನೂರು ಸಲ ಹೇಳಿದ್ದರು. ಕೋಟೆ ರಸ್ತೆಯ ಗಾಜಿನ ಪೆಟ್ಟಿಗೆಯ ಹಿಂದೆ ನಲವತ್ತು ವರ್ಷ ಕೂತ ಮೇಲೆ, ಆ ಮಾತು ಬೇರೆಯವರಿಗೆ ಹೇಳಲು ಮಾತ್ರ ನೆನಪಿತ್ತು.

ಆ ದಿನ ಬೆಳಿಗ್ಗೆ ಗಿರಾಕಿಯೊಬ್ಬನ ಜೊತೆ ಜಗಳವಾಗಿ ತಲೆ ಕಾದಿತ್ತು. ಅಷ್ಟರಲ್ಲಿ ಗೊತ್ತಿಲ್ಲದ ನಂಬರಿನಿಂದ ಮೂರು ಫೋಟೋ ಬಂದವು. ಸ್ವಿಸ್ ಕಂಪನಿಯ ಹಳೆಯ ಆಟೋಮ್ಯಾಟಿಕ್ ವಾಚು. ಕೆಳಗೆ ಸುದೀಪನ ಹೆಸರು, ಅಷ್ಟೇ. ಮೂರ್ತಪ್ಪ ಫೋಟೋ ದೊಡ್ಡದು ಮಾಡಿ ನೋಡಿದ. ಡಯಲ್ಲಿನ ಅಕ್ಷರಗಳ ಅಂಚು ಚೂಪಾಗಿಲ್ಲ, ಬಣ್ಣ ಊದಿಕೊಂಡಿದೆ. ತಾರೀಖಿನ ಅಂಕಿ ಕಿಟಕಿಯ ನಡುವೆ ಕೂತಿಲ್ಲ, ಬುಡ ಕತ್ತರಿಸಿದಂತೆ ಕೆಳಗೆ ಜಾರಿದೆ. ಫೋಟೋ ಓರೆಯಾಗಿ ತೆಗೆದಿದ್ದಕ್ಕೆ ಹಾಗೆ ಕಾಣುತ್ತಿದೆಯೇ ಎಂದು ಮೂರನ್ನೂ ಹೋಲಿಸಿದ. ಮೂರರಲ್ಲೂ ಅಷ್ಟೇ ಜಾರಿತ್ತು. ಕೀಲಿ ಕೊಡುವ ಗುಂಡಿಯ ಮೇಲೆ ಕೊರೆದಿರಬೇಕಾದ ಕಂಪನಿ ಗುರುತೂ ಇಲ್ಲ. ಬೋಳು ಬೋಳು.

ಮೂರ್ತಪ್ಪ ವಾಯ್ಸ್ ಮೆಸೇಜ್ ಒತ್ತಿದ. "ನೋಡು ಮಾರಾಯ, ಅಕ್ಷರ ಊದಿದೆ, ತಾರೀಖು ಜಾರಿದೆ, ಗುಂಡಿ ಬೋಳು. ಫುಟ್‌ಪಾತ್ ಮಾಲು ಇದು. ಯಾರಪ್ಪ ನಿಂಗೆ ಟೋಪಿ ಹಾಕಿದ ಪುಣ್ಯಾತ್ಮ?"

ಆರೇಳು ತಿಂಗಳು ಕಳೆದು ಸುದೀಪನೇ ಅಂಗಡಿಗೆ ಬಂದ. ವಾಚು ನಿಂತಿತ್ತು.

"ಡೂಪ್ಲಿಕೇಟ್ ಆದ್ರೂ ಪರವಾಗಿಲ್ಲ, ಓಡೋ ಹಂಗೆ ಮಾಡಿ ಅಂಕಲ್. ಮಾವಂದು. ನನ್ನ ಹೆಂಡ್ತಿ ಪ್ರಿಯದರ್ಶಿನಿಗೆ ಅಪ್ಪನ ನೆನಪು."

"ಯಾರು ನಿಮ್ಮ ಮಾವ?"

"ಕರಿಯಣ್ಣ ಅಂತ. ಭದ್ರಾವತಿ ಕಾರ್ಖಾನೆಯಲ್ಲಿದ್ರು. ಮಿಷನ್ ಕೂರಿಸೋಕೆ ಬಂದಿದ್ದ ಫಾರಿನ್ ಇಂಜಿನಿಯರ್ ವಾಪಸ್ ಹೋಗುವಾಗ ಕೈಯಿಂದ ಬಿಚ್ಚಿ ಕೊಟ್ಟಿದ್ದನಂತೆ. ನನಗೆ ಕೊಡ್ತೀನಿ ಅಂದಿದ್ರು. ಹೋದ ತಿಂಗಳು ತೀರಿಕೊಂಡ್ರು."

ಮೂರ್ತಪ್ಪ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ ಹಿಂದಿನ ಮುಚ್ಚಳ ತಿರುಗಿಸಿದ. ಒಳಗಿನ ಯಂತ್ರ ಕನ್ನಡಿಯಂತೆ ಹೊಳೆಯಿತು. ಚಕ್ರಗಳನ್ನು ಹಿಡಿದಿಡುವ ಸೇತುವೆ ತಗಡಿನ ಮೇಲೆ ಕಂಪನಿ ಹೆಸರು, ನಂಬರು, ಎಲ್ಲವೂ ಕೂದಲಿನಷ್ಟು ಸಣ್ಣಗೆ, ಚೊಕ್ಕವಾಗಿ. ಅಪ್ಪಟ ಅಸಲಿ. ಮುಚ್ಚಳ ಮಗುಚಿದ. ರಿಪೇರಿಯವರು ಕೆಲಸ ಮುಗಿದಾಗ ಒಳಮೈಯಲ್ಲಿ ಸೂಜಿಯಿಂದ ಗೀರಿ ಬಿಡುವ ಗುರುತು ಅಲ್ಲಿತ್ತು: ಮೂ, 12-8-98. ಅವನದೇ ಕೈಬರಹ.

ಆಗ ನೆನಪಾಯಿತು. ನೀರು ಹೋಗಿ ಡಯಲ್ ಕಲೆಯಾಗಿದ್ದ ವಾಚು. ಬೆಂಗಳೂರಿಗೆ ಕಳಿಸಿ ಹೊಸದಾಗಿ ಬಣ್ಣ ಹೊಡೆಸಿ ಅಕ್ಷರ ಹಾಕಿಸಿದ್ದ. ಬಿಚ್ಚುವಾಗ ಡಯಲನ್ನು ಯಂತ್ರಕ್ಕೆ ಹಿಡಿಸುವ ಹಿಂದಿನ ಎರಡು ಕಾಲೂ ಮುರಿದಿದ್ದರಿಂದ ಅಂಟು ಹಾಕಿ ಕೂರಿಸಿದ್ದ. ಡಯಲ್ ಒಂದು ಕೂದಲಷ್ಟು ಮೇಲಕ್ಕೆ, ಹನ್ನೆರಡರ ಕಡೆಗೆ ಸರಿದು ಕೂತಿತ್ತು. ತಾರೀಖಿನ ಚಕ್ರ ಇದ್ದಲ್ಲೇ ಇತ್ತು, ಜಾರಿದ್ದು ಕಿಟಕಿ. ಕಂಪನಿ ಗುಂಡಿ ಸಿಗದೆ ಬಜಾರಿನ ಬೋಳು ಗುಂಡಿ ಹಾಕಿದ್ದ. ಮೂರು ಗುರುತೂ ಅವನ ಕೈಯವೇ.

"ನನ್ನ ಮೆಸೇಜು ನಿಮ್ಮ ಮಾವ ಕೇಳಿದ್ರಾ?" ಎಂದ.

"ಎಲ್ಲರೂ ಊಟಕ್ಕೆ ಕೂತಿದ್ವಿ, ಜೋರಾಗೇ ಹಾಕಿಬಿಟ್ಟೆ. ಭಾವಮೈದ ನಕ್ಕ. ಮಾವ ನಗಲಿಲ್ಲ. 'ಕೋಟೆ ಮೂರ್ತಪ್ಪ ಹೇಳಿದ್ನಾ? ಅವನು ಸುಳ್ಳು ಹೇಳೋನಲ್ಲ. ಹಂಗಾರೆ ಆ ದೊರೆನೇ ನಂಗೆ ಮೋಸ ಮಾಡಿದ' ಅಂದ್ರು. ಆಮೇಲೆ ವಾಚು ಕಟ್ಟಲಿಲ್ಲ. ಆ ಇಂಜಿನಿಯರ್ ಸುದ್ದಿನೂ ಎತ್ತಲಿಲ್ಲ."

"ಯಾಕಯ್ಯಾ ಫೋಟೋ ಕಳಿಸಿದೆ? ಕೈ ಕಾಲು ಇರಲಿಲ್ವಾ ನಿಂಗೆ?" ಎಂದು ಮೂರ್ತಪ್ಪ ಕಿರುಚಿದ. ಪಕ್ಕದ ಅಂಗಡಿಯವರು ತಿರುಗಿ ನೋಡಿದರು.

ಒಂದು ವಾರ ಮೂರ್ತಪ್ಪ ಬೇರೆ ಕೆಲಸ ಮುಟ್ಟಲಿಲ್ಲ. ಯಂತ್ರ ತೊಳೆದು ಎಣ್ಣೆ ಬಿಟ್ಟ, ಡಯಲ್ ಸರಿಸಿ ಕೂರಿಸಿದ, ಗುರುತು ಕೊರೆದ ಅಸಲಿ ಗುಂಡಿ ಹುಡುಕಿಸಿ ಹಾಕಿದ. ತಾರೀಖು ಕಿಟಕಿಯ ನಟ್ಟನಡುವೆ ನಿಂತಿತು. ತಾನೇ ಬಸ್ಸು ಹತ್ತಿ ಜನ್ನಾಪುರಕ್ಕೆ ಹೋಗಿ ಕರಿಯಣ್ಣನ ಹೆಂಡತಿ ಪ್ರೇಮಮ್ಮನ ಮುಂದೆ ವಾಚು ಇಟ್ಟ.

"ಅಕ್ಕಾ, ಇದು ಅಸಲಿ. ಆ ದೊರೆ ಮೋಸ ಮಾಡಿಲ್ಲ. ತಪ್ಪು ನಂದು."

ಪ್ರೇಮಮ್ಮ ವಾಚನ್ನು ಸೆರಗಿನಿಂದ ಒರೆಸಿ ಕಿವಿಗೆ ಹಿಡಿದು ಕೇಳಿದರು.

"ನಂಗ್ಯಾಕೆ ಹೇಳ್ತೀಯಪ್ಪ? ನಾನು ಯಾವತ್ತೂ ಅನುಮಾನ ಪಟ್ಟಿರಲಿಲ್ಲ. ಹೇಳಬೇಕಾಗಿದ್ದು ಅವರಿಗೆ."

ಗೋಡೆಯ ಮೇಲೆ ಕರಿಯಣ್ಣನ ಫೋಟೋ ಇತ್ತು. ಮೂರ್ತಪ್ಪ ಅದರ ಕಡೆ ತಲೆಯೆತ್ತದೆ, ಕೊಟ್ಟ ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದು ಬಂದ.